ಮೆತ್ತನೆ ನೆಲದ ಮೇಲೆ ನಾಲ್ಕು ಅಂತಸ್ತು: ರಾಫ್ಟೋ, ಪೈಲೋ?

ಮೆಕ್ಸಿಕೊ ಸಿಟಿಯ ನಟ್ಟನಡುವೆ ರಸ್ತೆಯ ಆಚೆ ಈಚೆ ಎರಡು ಹೆಸರಾಂತ ಕಟ್ಟಡಗಳಿವೆ. ಒಂದು ಅಮೃತಶಿಲೆಯ ರಂಗಮಂದಿರ, ಪಲಾಸಿಯೊ ದೆ ಬೆಯಾಸ್ ಆರ್ತೆಸ್. 1904ರಲ್ಲಿ ಕೆಲಸ ಶುರುವಾಗಿ 1934ರಲ್ಲಿ ಬಾಗಿಲು ತೆರೆದದ್ದು. ಇನ್ನೊಂದು 1956ರಲ್ಲಿ ಮುಗಿದ 44 ಅಂತಸ್ತಿನ ಟೊರ್ರೆ ಲಾಟಿನೊಅಮೆರಿಕಾನಾ ಗೋಪುರ. ಎರಡರ ಕೆಳಗೂ ಇರುವುದು ಒಂದೇ ಹಳೆಯ ಸರೋವರದ ನೀರು ತುಂಬಿದ ಜೇಡಿಮಣ್ಣು. ರಂಗಮಂದಿರವನ್ನು ಉಕ್ಕು, ಕಾಂಕ್ರೀಟಿನ ಅಗಲವಾದ ಹಾಸಿನ ಮೇಲೆ ಕೂರಿಸಿದರು. ಕಟ್ಟುತ್ತಿರುವಾಗಲೇ ಇಳಿಯತೊಡಗಿದ ಅದು ಇಂದಿಗೆ ಮೂರು ಮೀಟರಿಗೂ ಹೆಚ್ಚು ನೆಲಕ್ಕಿಳಿದಿದೆ. ಗೋಪುರಕ್ಕೆ ಇಂಜಿನಿಯರ್ ಲಿಯೊನಾರ್ಡೊ ಸೀವಾರ್ಟ್ ಬೇರೆ ದಾರಿ ಹಿಡಿದರು. 361 ಪೈಲ್‌ಗಳನ್ನು ಸುಮಾರು 33 ಮೀಟರ್ ಆಳದ ಮರಳಿನ ಪದರದವರೆಗೆ ಇಳಿಸಿದರು. ಅಷ್ಟೇ ಅಲ್ಲ, ಆಳವಾಗಿ ಮಣ್ಣು ಅಗೆದು ತೆಗೆದು, ಕಟ್ಟಡದ ಒಂದು ಪಾಲು ಭಾರವನ್ನು ಆ ಮಣ್ಣಿನ ತೂಕಕ್ಕೆ ಸರಿದೂಗಿಸಿದರು.

ಇಷ್ಟು ಓದಿ ರಾಫ್ಟ್ ಎಂದರೆ ಅಪಾಯ, ಪೈಲ್ ಎಂದರೆ ನಿಶ್ಚಿಂತೆ ಎಂಬ ತೀರ್ಮಾನಕ್ಕೆ ಬರುವವರೇ ಹೆಚ್ಚು. ಅದು ಅಷ್ಟು ಸರಳವಲ್ಲ. ಒಂದು ಅಡಿಪಾಯದ ವರದಿ ಈ ಎರಡನ್ನು ಹೇಗೆ ತೂಗಿ ನೋಡುತ್ತದೆ ಎಂದು ತಿಳಿಯಲು ನಮ್ಮ ಕರಾವಳಿಯ ನದಿಮುಖಗಳ ಬಳಿ ಸಿಗುವಂಥ ಮಣ್ಣನ್ನೇ ಕಲ್ಪಿಸಿಕೊಂಡು ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಆಯ್ದುಕೊಂಡವು. ಲೆಕ್ಕದ ಕ್ರಮ ಮಾತ್ರ ನಿಜವಾದ ವರದಿಯದ್ದೇ.

ನಿವೇಶನದಲ್ಲಿ 18 ಮೀಟರ್ ಅಗಲ, 30 ಮೀಟರ್ ಉದ್ದದ ನಾಲ್ಕು ಅಂತಸ್ತಿನ ಕಟ್ಟಡ ಏಳಬೇಕಿದೆ. ಬೋರ್ ಕೊರೆದಾಗ ಮೇಲಿನ ಒಂದೂವರೆ ಮೀಟರ್ ಗಟ್ಟಿ ಮಣ್ಣು, ಅಲ್ಲಿಗೆ ನೀರು ಸಿಕ್ಕಿತು. ಅದರ ಕೆಳಗೆ 10 ಮೀಟರ್ ಕಪ್ಪು ಜೇಡಿ. ಅದು ಎಷ್ಟು ಮೆತ್ತಗೆಂದರೆ, ಮಣ್ಣಿನ ಗಟ್ಟಿತನ ಅಳೆಯಲು ಬಡಿಯುವ ಸುತ್ತಿಗೆಯ ಎರಡು ಮೂರು ಪೆಟ್ಟಿಗೇ ಸಲಾಕೆ ಒಂದು ಅಡಿ ಇಳಿಯುತ್ತದೆ. ಜೇಡಿ ಮುಗಿದ ಮೇಲೆ ಬಿಗಿಯಾದ ಮರಳು.

ರಾಫ್ಟ್ ಎಂದರೆ ಕಟ್ಟಡದ ಅಡಿಯುದ್ದಕ್ಕೂ ಹಾಸುವ ಒಂದೇ ದಪ್ಪ ಕಾಂಕ್ರೀಟ್ ಚಪ್ಪಡಿ. ಗೋಡೆ, ಕಂಬ, ಸ್ಲ್ಯಾಬ್, ಜನ, ಸಾಮಾನು ಎಲ್ಲ ಸೇರಿ ಪ್ರತಿ ಅಂತಸ್ತು ಚದರ ಮೀಟರಿಗೆ ಸುಮಾರು 1.2 ಟನ್ ತೂಗುತ್ತದೆ ಎಂದಿಟ್ಟುಕೊಂಡರೆ ನಾಲ್ಕು ಅಂತಸ್ತಿಗೆ 4.8 ಟನ್. ರಾಫ್ಟಿನ ಸ್ವಂತ ತೂಕವೂ ಸೇರಿ 6 ಟನ್. ಆದರೆ ರಾಫ್ಟ್ ಕೂರಿಸಲು ಒಂದೂವರೆ ಮೀಟರ್ ಮಣ್ಣು ತೆಗೆದಿದ್ದೇವೆ, ಅದರ ತೂಕ 2.4 ಟನ್. ಆ ಭಾರ ಹೊತ್ತೇ ಜೇಡಿಗೆ ಅಭ್ಯಾಸ. ಹಾಗಾಗಿ ಅದರ ಮೇಲೆ ಹೊಸದಾಗಿ ಬೀಳುವ ಭಾರ 3.6 ಟನ್ ಮಾತ್ರ.

ಜೇಡಿ ಇಷ್ಟನ್ನು ತಾಳುತ್ತದೆಯೇ? ಪ್ರಯೋಗಾಲಯದಲ್ಲಿ ಅದರ ಕತ್ತರಿ ಬಲ ಚದರ ಮೀಟರಿಗೆ 2 ಟನ್ ಎಂದು ಬಂದರೆ, ರಾಫ್ಟಿನ ಕೆಳಗೆ ನೆಲ ಒಡೆದು ಪಕ್ಕಕ್ಕೆ ಉಕ್ಕುವುದಕ್ಕೆ ಸುಮಾರು 11.4 ಟನ್ ಬೇಕು. ಮೂರು ಪಟ್ಟು ಸುರಕ್ಷತೆ ಇಟ್ಟುಕೊಂಡರೂ 3.8 ಟನ್ ಹೇರಬಹುದು. ನಮ್ಮದು 3.6. ರಾಫ್ಟ್ ಪಾಸು.

ಎಷ್ಟೋ ಕಡೆ ಲೆಕ್ಕ ಇಲ್ಲಿಗೇ ನಿಂತುಬಿಡುತ್ತದೆ. ಮಣ್ಣು ಇಷ್ಟು ಭಾರ ಹೊರುತ್ತದೆ ಎಂಬ ಒಂದು ಅಂಕಿ ವರದಿಯ ಕೊನೆಯ ಪುಟದಲ್ಲಿ ಸಿಕ್ಕರೆ ಸಾಕು, ಕಂಬಿ ಕಟ್ಟಲು ಹೊರಟುಬಿಡುತ್ತಾರೆ. ಮೆತ್ತನೆ ಜೇಡಿಯಲ್ಲಿ ಆ ಅಂಕಿ ಅರ್ಧ ಸತ್ಯ. ಈ ಮಣ್ಣು ಕಟ್ಟಡವನ್ನು ಬೀಳಿಸುವುದು ಅಪರೂಪ, ಇಳಿಸುವುದು ಮಾಮೂಲು.

ಇಳಿತ ಹೇಗಾಗುತ್ತದೆ ಎಂದರೆ, ಬಟ್ಟೆಯಲ್ಲಿ ಕಟ್ಟಿದ ಮೊಸರಿನ ಮೇಲೆ ಭಾರ ಇಟ್ಟಾಗ ನೀರು ತೊಟ್ಟು ತೊಟ್ಟಾಗಿ ಸೋರಿ ಗಂಟು ಕುಗ್ಗುವಂತೆ, ಹೊಸ ಭಾರ ಬಿದ್ದ ಜೇಡಿಯಿಂದ ನೀರು ಮೆಲ್ಲಗೆ ಹೊರಬೀಳುತ್ತದೆ, ಪದರ ತೆಳುವಾಗುತ್ತದೆ. ಎಷ್ಟು ಕುಗ್ಗುತ್ತದೆ ಎಂದು ತಿಳಿಯಲು ಅಲುಗಾಡದಂತೆ ತೆಗೆದ ಜೇಡಿಯ ತುಣುಕನ್ನು ಉಂಗುರದಲ್ಲಿಟ್ಟು, ದಿನದಿನಕ್ಕೆ ಭಾರ ಹೆಚ್ಚಿಸುತ್ತಾ ಅಳೆಯುತ್ತಾರೆ. ಕರಾವಳಿಯ ಮೆತ್ತನೆ ಜೇಡಿಗೆ ಒಪ್ಪುವ ಮೌಲ್ಯಗಳನ್ನು ಹಾಕಿ ಲೆಕ್ಕ ಮಾಡಿದರೆ ನಮ್ಮ ರಾಫ್ಟ್ ಸುಮಾರು 35 ಸೆಂಟಿಮೀಟರ್ ಇಳಿಯುತ್ತದೆ. ಇಂಥ ಜೇಡಿಯ ಮೇಲಿನ ರಾಫ್ಟಿಗೆ ಭಾರತೀಯ ಮಾನಕ ಐಎಸ್ 1904 ಒಪ್ಪುವ ಇಳಿತ 10 ಸೆಂಟಿಮೀಟರ್. ಬಲದ ಪರೀಕ್ಷೆಯಲ್ಲಿ ಪಾಸಾದ ರಾಫ್ಟ್ ಇಳಿತದ ಪರೀಕ್ಷೆಯಲ್ಲಿ ಮೂರೂವರೆ ಪಟ್ಟು ಮಿತಿ ಮೀರಿತು.

ಕಾಲದ ಪ್ರಶ್ನೆ ಇನ್ನೂ ಇದೆ. ಜೇಡಿಯ ನೀರಿಗೆ ಮೇಲೂ ಕೆಳಗೂ ಹೊರಹೋಗಲು ದಾರಿಯಿದ್ದರೂ ಇಳಿತದ ಅರ್ಧ ಭಾಗ ಮುಗಿಯಲು ಸುಮಾರು 5 ವರ್ಷ, ಶೇಕಡ 90 ಮುಗಿಯಲು 20 ವರ್ಷದ ಮೇಲೆ. ಕೀಲಿ ಕೊಡುವ ದಿನ ಗೋಡೆಗಳಲ್ಲಿ ಒಂದೂ ಬಿರುಕು ಇರುವುದಿಲ್ಲ. ಬಿರುಕು ಬರುವಾಗ ಕಟ್ಟಿದವರು ಎಲ್ಲೋ, ಕೊಂಡವರು ಎಲ್ಲೋ.

ಇಡೀ ಕಟ್ಟಡ ಒಂದೇ ಸಮ ಇಳಿದರೆ ಹೇಗೋ ಸುಧಾರಿಸಬಹುದು. ಓರೆಯಾಗಿ ಇಳಿದರೆ ಬಾಗಿಲುಗಳು ಕಚ್ಚಿಕೊಳ್ಳುತ್ತವೆ, ಕಿಟಕಿಯ ಮೂಲೆಗಳಿಂದ ಕರ್ಣರೇಖೆಯಲ್ಲಿ ಬಿರುಕು ಏಳುತ್ತದೆ. ನಮ್ಮ ನಿವೇಶನದ ಇನ್ನೊಂದು ತುದಿಯಲ್ಲಿ ಜೇಡಿ 10ರ ಬದಲು 6 ಮೀಟರ್ ಇದ್ದರೆ ಅಲ್ಲಿನ ಇಳಿತ ಸುಮಾರು 28 ಸೆಂಟಿಮೀಟರ್. ಎರಡು ತುದಿಗಳ ನಡುವೆ 7 ಸೆಂಟಿಮೀಟರ್ ಅಂತರ. ಅದೇ ಮಾನಕದ ಮಿತಿಯಾದ ಐನೂರಕ್ಕೆ ಒಂದು ಎಂಬ ಓರೆಯನ್ನು 30 ಮೀಟರಿಗೆ ಹಾಕಿ ನೋಡಿದರೆ 6 ಸೆಂಟಿಮೀಟರ್. ನಿವೇಶನದ ಮಧ್ಯದಲ್ಲಿ ಒಂದೇ ಬೋರ್ ಹಾಕಿ ಬರೆದ ವರದಿಯಲ್ಲಿ ಈ ಅಪಾಯ ಕಾಣುವುದೇ ಇಲ್ಲ. ಎಲ್ಲ ಮೂಲೆಗೂ ಬೋರ್ ಹಾಕಿಸುವ ಖರ್ಚು ಉಳಿಸುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಇನ್ನು ಪೈಲ್. ಜೇಡಿಯ ಮೂಲಕ 60 ಸೆಂಟಿಮೀಟರ್ ವ್ಯಾಸದ ಕುಳಿ ಕೊರೆದು, ಕುಳಿ ಕುಸಿಯದಂತೆ ಬೆಂಟೊನೈಟ್ ರಾಡಿ ತುಂಬಿ, ಕಂಬಿಯ ಪಂಜರ ಇಳಿಸಿ, ತಳದಿಂದ ಕಾಂಕ್ರೀಟ್ ತುಂಬುತ್ತಾ ಬರುತ್ತಾರೆ. ಪೈಲಿನ ಬುಡ ಬಿಗಿ ಮರಳಿನಲ್ಲಿ ಊರಿರುತ್ತದೆ. ಇಂಥ ಒಂದು ಪೈಲ್ 100 ಟನ್ ಸುರಕ್ಷಿತವಾಗಿ ಹೊರುತ್ತದೆ ಎಂದಿಟ್ಟುಕೊಳ್ಳೋಣ. ಒಳಗಿನ ಕಂಬವೊಂದರ ಭಾರ ಸುಮಾರು 170 ಟನ್. ಎರಡು ಪೈಲ್ ಸಾಕು ಎನ್ನಿಸುತ್ತದೆ.

ಇಲ್ಲಿ ಮೆಕ್ಸಿಕೊ ಸಿಟಿಯ ಇನ್ನೊಂದು ಸ್ಮಾರಕ ನೆನಪಾಗಬೇಕು. 1910ರಲ್ಲಿ ನಿಲ್ಲಿಸಿದ ಅಲ್ಲಿನ ಸ್ವಾತಂತ್ರ್ಯ ಸ್ತಂಭ ಪೈಲ್‌ಗಳ ಮೇಲಿದೆ. ನಗರದವರು ಅಂತರ್ಜಲವನ್ನು ಎಳೆದಂತೆಲ್ಲ ಸುತ್ತಲಿನ ಜೇಡಿನೆಲ ಕುಗ್ಗಿತು, ಸ್ತಂಭ ಮಾತ್ರ ಅಲ್ಲೇ ಉಳಿಯಿತು. ರಸ್ತೆಗೂ ಸ್ತಂಭದ ಬುಡಕ್ಕೂ ಸೇರಿಕೆ ತಪ್ಪಿ, ಕೊನೆಗೆ 14 ಮೆಟ್ಟಿಲು ಹೊಸದಾಗಿ ಕಟ್ಟಬೇಕಾಯಿತು. ಪೈಲ್ ನಿಲ್ಲಿಸಿದ್ದು ಸ್ತಂಭವನ್ನು, ನೆಲವನ್ನಲ್ಲ.

ನೆಲ ಹೀಗೆ ಇಳಿಯುವಾಗ ಸುಮ್ಮನೆ ಇಳಿಯುವುದಿಲ್ಲ. ಪೈಲಿನ ಮೈಗೆ ಅಂಟಿದ ಜೇಡಿ ಅದನ್ನೂ ಕೆಳಗೆ ಎಳೆಯುತ್ತದೆ. ನಮ್ಮ ಪೈಲಿನ ಸುತ್ತಳತೆ 1.9 ಮೀಟರ್, ಜೇಡಿಯಲ್ಲಿ ಹಾದುಹೋಗುವ ಉದ್ದ 10 ಮೀಟರ್, ಜೇಡಿಯ ಅಂಟು ಚದರ ಮೀಟರಿಗೆ 2 ಟನ್. ಗುಣಿಸಿದರೆ 38 ಟನ್. ಇದು ಕಟ್ಟಡದ ಭಾರವಲ್ಲ, ಮಣ್ಣೇ ಹೇರಿದ ಭಾರ. 100 ಟನ್ನಿನ ಪೈಲಿನಲ್ಲಿ ಕಟ್ಟಡಕ್ಕೆ ಉಳಿಯುವುದು 62 ಟನ್ ಮಾತ್ರ. ಹಾಗಾಗಿ 170 ಟನ್ನಿನ ಕಂಬಕ್ಕೆ ಎರಡಲ್ಲ, ಮೂರು ಪೈಲ್ ಬೇಕು.

ಈ ಎಳೆತ ಎಲ್ಲ ಕಡೆ ಬರುವುದಿಲ್ಲ. ಮೇಲೆ ಹೊಸ ಭಾರ ಬೀಳದೆ, ನೀರಿನ ಮಟ್ಟ ಇಳಿಯದೆ ಇದ್ದರೆ ಹಳೆಯ ಜೇಡಿ ತನ್ನ ಪಾಡಿಗೆ ತಾನಿರುತ್ತದೆ. ಆದರೆ ನಮ್ಮಲ್ಲಿ ಗದ್ದೆಯೋ ಹೊಂಡವೋ ಆಗಿದ್ದ ಜಾಗವನ್ನು ಮಳೆನೀರಿಗೆ ಹೆದರಿ ಮೊದಲು ಮಣ್ಣು ತುಂಬಿ ಎತ್ತರಿಸುತ್ತಾರೆ. ನಮ್ಮ ನಿವೇಶನಕ್ಕೆ ಒಂದು ಮೀಟರ್ ಮಣ್ಣು ತುಂಬಿದರೆ ಸಾಕು, ಕಟ್ಟಡವೇ ಇಲ್ಲದಿದ್ದರೂ ನೆಲ ಕಾಲಕ್ರಮದಲ್ಲಿ 27 ಸೆಂಟಿಮೀಟರ್ ಇಳಿಯುತ್ತದೆ. ಕಟ್ಟಡ ಪೈಲಿನ ಮೇಲೆ ನೆಟ್ಟಗೆ ನಿಂತಿದ್ದರೂ ಅಂಗಳ ಕುಸಿದು, ಮೆಟ್ಟಿಲು ಬಿಟ್ಟುಕೊಂಡು, ಒಳಚರಂಡಿಯ ಪೈಪು ಗೋಡೆ ದಾಟುವಲ್ಲೇ ಮುರಿಯುತ್ತದೆ. ನೆಲ ಅಂತಸ್ತಿನ ಹಾಸನ್ನು ತುಂಬಿದ ಮಣ್ಣಿನ ಮೇಲೆ ಹಾಕಿದ್ದರೆ ಅದೂ ಇಳಿಯುತ್ತದೆ, ಟೈಲ್ಸ್ ಎದ್ದುಬರುತ್ತವೆ. ಪೈಲ್ ಹಾಕಿಸಿದ ಮೇಲೆ ನೆಲದ ಹಾಸನ್ನೂ ತೊಲೆಗಳ ಮೇಲೆ ತೂಗುಹಾಕಬೇಕು, ಪೈಪಿಗೆ ಬಾಗುವ ಜೋಡಣೆ ಕೊಡಬೇಕು. ಖರ್ಚಿನ ಹೋಲಿಕೆಯಲ್ಲಿ ಇವೆಲ್ಲ ಪೈಲಿನ ಖಾತೆಗೇ ಸೇರಬೇಕು.

ಪೈಲಿನ ಗುಣಮಟ್ಟವೂ ಕಣ್ಣಿಗೆ ಕಾಣದ ಸಂಗತಿ. ಕಾಂಕ್ರೀಟ್ ಹಾಕುವ ಮೊದಲು ಕುಳಿಯ ತಳದ ರಾಡಿ ತೊಳೆಯದಿದ್ದರೆ ಪೈಲು ಮರಳಿನ ಮೇಲಲ್ಲ, ಕೆಸರಿನ ಮೇಲೆ ಕೂರುತ್ತದೆ. ಆದ್ದರಿಂದಲೇ ಮೊದಲಿಗೇ ಒಂದು ಪರೀಕ್ಷಾ ಪೈಲ್ ಹಾಕಿ, ಅಂದಾಜು ಸುರಕ್ಷಿತ ಭಾರದ ಎರಡೂವರೆ ಪಟ್ಟು ಹೇರಿ ಇಳಿತ ಅಳೆಯುವ ಪದ್ಧತಿ ಐಎಸ್ 2911ರಲ್ಲಿದೆ. ಆದರೆ ಈ ಪರೀಕ್ಷೆಯನ್ನು ಓದುವಾಗ ಒಂದು ಎಚ್ಚರ ಬೇಕು. ಪರೀಕ್ಷೆ ನಡೆಯುವ ಒಂದೆರಡು ದಿನ ಜೇಡಿ ಪೈಲನ್ನು ಮೇಲೆ ಹಿಡಿದು ನೆರವಾಗುತ್ತದೆ. ಅದೇ ಜೇಡಿ ವರ್ಷಗಳ ನಂತರ ಕೆಳಗೆ ಎಳೆಯುತ್ತದೆ. ಪರೀಕ್ಷೆಯ ಅಂಕಿಯಿಂದ ಆ ನೆರವನ್ನು ಕಳೆದು, ಎಳೆತವನ್ನೂ ಲೆಕ್ಕಕ್ಕೆ ಹಿಡಿಯದ ವರದಿಯನ್ನು ನಂಬುವಂತಿಲ್ಲ.

ಸೀವಾರ್ಟ್ ಮಾಡಿದಂತೆ ಮಣ್ಣು ತೆಗೆದು ಭಾರ ಸರಿದೂಗಿಸುವ ದಾರಿ ನಮಗೂ ಇದೆಯೇ? ಇದೆ. ನೆಲಮಾಳಿಗೆಯ ಗೋಡೆ, ಹಾಸುಗಳ ತೂಕ ಸೇರಿಸಿ ನೋಡಿದರೆ ಸುಮಾರು 5 ಮೀಟರ್ ಅಗೆದಾಗ ತೆಗೆದ ಮಣ್ಣಿನ ತೂಕವೂ ಕಟ್ಟಡದ ತೂಕವೂ ಸಮವಾಗುತ್ತವೆ. ಆದರೆ ಇಷ್ಟು ಮೆತ್ತನೆ ಜೇಡಿಯಲ್ಲಿ 5 ಮೀಟರ್ ಹೊಂಡ ತೆರೆದರೆ ತಳ ಮೇಲೆ ಉಬ್ಬಿ, ಪಕ್ಕದ ಮನೆಯ ಪಾಯವೂ ಹೊಂಡದ ಕಡೆಗೆ ಸರಿಯುವ ಭಯವಿದೆ. ಮೇಲಿನ ಅಂತಸ್ತುಗಳು ಏಳುವ ಮುನ್ನ ಜೋರು ಮಳೆಗಾಲ ಬಂದರೆ ಖಾಲಿ ನೆಲಮಾಳಿಗೆಯನ್ನು ಅಂತರ್ಜಲ ಮೇಲಕ್ಕೆ ಎತ್ತಲು ನೋಡುತ್ತದೆ. ಅಕ್ಕಪಕ್ಕ ಮನೆಗಳಿರುವ ಜಾಗದಲ್ಲಿ ನಾನು ಇದನ್ನು ಆಯ್ದುಕೊಳ್ಳಲಾರೆ.

ಹಾಗಾಗಿ ಈ ನಿವೇಶನದ ನಾಲ್ಕು ಅಂತಸ್ತಿಗೆ ನನ್ನ ತೀರ್ಪು ಪೈಲ್ ಪರ. ಆದರೆ 38 ಟನ್ನಿನ ಎಳೆತ ಸೇರಿಸಿ, ಒಳಗಿನ ಕಂಬಕ್ಕೆ ಮೂರರಂತೆ. ಅದೇ ಜಾಗದಲ್ಲಿ ಎರಡೇ ಅಂತಸ್ತು ಸಾಕು ಎನ್ನುವವರಿಗೆ ಉತ್ತರ ತಿರುಗಿಬಿಡುತ್ತದೆ. ರಾಫ್ಟಿನ ಇಳಿತ 11 ಸೆಂಟಿಮೀಟರಿಗೆ ಬರುತ್ತದೆ. ಅರ್ಧ ಮೀಟರ್ ಹೆಚ್ಚು ಅಗೆದು ಕೂರಿಸಿದರೆ ಮೂರು ಸೆಂಟಿಮೀಟರಿನ ಆಸುಪಾಸು. ಸುತ್ತ ಹೊಸ ಮಣ್ಣು ತುಂಬದೆ ಇದ್ದರೆ ಅಲ್ಲಿ ಪೈಲಿಗೆ ಸುರಿಯುವ ಹಣ ದಂಡ.

ಕರಾವಳಿಯಲ್ಲೋ, ಕೆರೆ ಮುಚ್ಚಿದ ಜಾಗದಲ್ಲೋ ಫ್ಲ್ಯಾಟ್ ಕೊಳ್ಳುವವರು ಸಾಯಿಲ್ ಟೆಸ್ಟ್ ವರದಿಯನ್ನು ದಯವಿಟ್ಟು ಕೇಳಿ ಪಡೆಯಿರಿ. ಬೋರ್ ಎಷ್ಟು ಹಾಕಿದರು, ಅವು ಜೇಡಿ ದಾಟಿ ಗಟ್ಟಿ ಪದರ ಮುಟ್ಟಿದವೇ, ಇಳಿತ ಎಷ್ಟು ಸೆಂಟಿಮೀಟರ್ ಎಂದು ಬರೆದಿದ್ದಾರೆಯೇ, ಎಷ್ಟು ವರ್ಷದಲ್ಲಿ ಎಂದು ಹೇಳಿದ್ದಾರೆಯೇ, ಪೈಲ್ ಇದ್ದರೆ ಮಣ್ಣಿನ ಎಳೆತ ಲೆಕ್ಕಕ್ಕೆ ಬಂದಿದೆಯೇ ಎಂದು ನೋಡಿ. ಇಳಿತದ ಅಂಕಿಯೇ ಇಲ್ಲದ ವರದಿಯನ್ನು ಕೈಗಿತ್ತರೆ ಮುಂಗಡ ಕೊಡುವ ಮೊದಲು ಬೇರೊಬ್ಬ ಇಂಜಿನಿಯರಿಗೆ ತೋರಿಸಿ.