ಸಂತಾಪದ ಮಾತು: ಸಿದ್ಧ ವಾಕ್ಯ ಬಿಟ್ಟು ಸ್ವಂತದ್ದಾಗಿಸುವುದು ಹೇಗೆ?

ಹಾವೇರಿ: ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಿಂದ ಉದ್ಯೋಗಕ್ಕಾಗಿ ಹುಬ್ಬಳ್ಳಿ, ಬೆಂಗಳೂರು ಸೇರಿದವರಿಗೆ ಊರಿನ ಸಾವಿನ ಸುದ್ದಿ ಈಗ ಮೊಬೈಲ್ ಮೂಲಕವೇ ತಲುಪುತ್ತದೆ. ಕೂಡಲೇ ಹೊರಟು ಬರಲಾಗದವರು ಸಂದೇಶ ಕಳುಹಿಸುತ್ತಾರೆ. ಸತ್ತವರ ಮನೆಗೆ ಒಂದೇ ದಿನದಲ್ಲಿ ಬರುವ ಇಂಥ ಹತ್ತಾರು ಸಂದೇಶಗಳಲ್ಲಿ ಹೆಚ್ಚಿನವು ಅಕ್ಷರಶಃ ಒಂದೇ ಆಗಿರುತ್ತವೆ.

ಸಿದ್ಧ ವಾಕ್ಯ ಹೊಸದೇನಲ್ಲ. 2013ರ ಜುಲೈನಲ್ಲಿ ಸ್ಥಗಿತಗೊಂಡ ತಂತಿ ಸೇವೆಯಲ್ಲಿ ಇಂಥ ಸಂದರ್ಭಗಳಿಗೆಂದೇ ಸಂಖ್ಯೆ ಕೊಟ್ಟ ವಾಕ್ಯಗಳಿದ್ದವು. ಕಳುಹಿಸುವವರು ಸಂಖ್ಯೆ ಸೂಚಿಸಿದರೆ ಸಾಕಿತ್ತು. ಅಲ್ಲಿ ಪದಕ್ಕಿಷ್ಟೆಂದು ಹಣ ತೆರಬೇಕಿದ್ದುದರಿಂದ ಆ ಏರ್ಪಾಡಿಗೆ ಅರ್ಥವಿತ್ತು. ಇಂದು ಆ ಕಾರಣ ಉಳಿದಿಲ್ಲ.

<b>ಎಲ್ಲರಿಗೂ ಹೊಂದುವ ಮಾತು</b>

ಹಾನಗಲ್ ತಾಲೂಕಿನ ಹಳ್ಳಿಯೊಂದರಲ್ಲಿ ಬಹುಕಾಲ ಹಾಸಿಗೆ ಹಿಡಿದಿದ್ದ ವೃದ್ಧೆಯೊಬ್ಬರು ತೀರಿಕೊಂಡಿದ್ದಾರೆ ಎಂದಿಟ್ಟುಕೊಳ್ಳೋಣ. ಅವರ ಮಗನಿಗೆ ಬೆಂಗಳೂರಿನ ಸಹೋದ್ಯೋಗಿ ಬರೆದ ಮೊದಲ ಕರಡು ಹೀಗಿದೆ:

"ನಿಮ್ಮ ತಾಯಿಯವರ ನಿಧನದ ಸುದ್ದಿ ಕೇಳಿ ತೀವ್ರ ಆಘಾತವಾಯಿತು. ಅವರ ಅಗಲಿಕೆ ತುಂಬಲಾರದ ನಷ್ಟ. ಮೃತರ ಆತ್ಮಕ್ಕೆ ಚಿರಶಾಂತಿ ದೊರೆಯಲಿ. ದುಃಖ ಭರಿಸುವ ಶಕ್ತಿಯನ್ನು ಭಗವಂತ ಕರುಣಿಸಲಿ. ಏನಾದರೂ ಬೇಕಿದ್ದರೆ ತಿಳಿಸಿ."

ಇದರಲ್ಲಿ ವ್ಯಾಕರಣ ದೋಷವಿಲ್ಲ. ಆದರೆ 'ತಾಯಿ' ಎಂಬುದನ್ನು ತೆಗೆದು 'ಅಣ್ಣ' ಎಂದಿಟ್ಟರೂ ಉಳಿದದ್ದೆಲ್ಲ ಹಾಗೆಯೇ ಹೊಂದುತ್ತದೆ. ಎರವಲು ಸಂದೇಶವನ್ನು ಗುರುತಿಸುವ ಸುಲಭ ಪರೀಕ್ಷೆ ಇದೇ. ಬಹುದಿನ ಹಾಸಿಗೆ ಹಿಡಿದವರ ಸಾವು 'ಆಘಾತ' ಎಂಬುದು ನಿಜವೂ ಅಲ್ಲ. 'ತುಂಬಲಾರದ ನಷ್ಟ' ಪತ್ರಿಕಾ ಹೇಳಿಕೆಗಳ ಭಾಷೆ. ಕೊನೆಯ ವಾಕ್ಯವಂತೂ ಕೇಳುವ ಹೊರೆಯನ್ನು ದುಃಖದಲ್ಲಿರುವವರ ಮೇಲೆಯೇ ಹೊರಿಸುತ್ತದೆ.

<b>ಮನೆಯವರ ಪದವೇ ಸರಿ</b>

ಮೊದಲು ಗಮನಿಸಬೇಕಾದದ್ದು, ಸುದ್ದಿ ತಿಳಿಸಿದವರು ಬಳಸಿದ ಪದ. ಲಿಂಗಾಯತ ಮನೆಯವರು 'ಲಿಂಗೈಕ್ಯರಾದರು' ಎಂದು ತಿಳಿಸಿದ್ದರೆ ಉತ್ತರದಲ್ಲಿಯೂ ಅದೇ ಪದವಿರಬೇಕು. ಲಿಂಗದಲ್ಲಿ ಒಂದಾದರೆಂಬ ನಂಬಿಕೆಯುಳ್ಳವರಿಗೆ 'ಆತ್ಮಕ್ಕೆ ಶಾಂತಿ' ಎಂಬ ಹಾರೈಕೆ ಹೊರಗಿನದೆನಿಸಬಹುದು. ನವಾಬರ ಆಳ್ವಿಕೆ ಕಂಡ ಸವಣೂರಿನ ಮುಸ್ಲಿಂ ಮನೆಗಳಲ್ಲಿ 'ಅಲ್ಲಾಹನು ಅವರಿಗೆ ಜನ್ನತ್ ನೀಡಲಿ' ಎಂಬುದು ಪರಿಚಿತ ಮಾತು. 'ಸ್ವರ್ಗಸ್ಥ', 'ಕೈಲಾಸವಾಸಿ' ಪದಗಳನ್ನು ಅಲ್ಲಿ ಯಾಂತ್ರಿಕವಾಗಿ ಬಳಸಿದರೆ ಅಭಾಸವಾಗುತ್ತದೆ. ಪದದ ಬಗ್ಗೆ ಸಂದೇಹವಿದ್ದರೆ 'ತೀರಿಕೊಂಡರು' ಎಂದರೆ ಸಾಕು.

<b>ಕಂಡದ್ದು ಒಂದು, ಮಾಡುವುದು ಒಂದು</b>

ಬಳಿಕ ಮೃತರನ್ನು ತಾವು ಕರೆಯುತ್ತಿದ್ದಂತೆಯೇ ಹೆಸರಿಸಿ, ಕಣ್ಣಾರೆ ಕಂಡ ಒಂದೇ ಸಂಗತಿಯನ್ನು ಬರೆಯಬೇಕು. ಗುಣವಿಶೇಷಣಗಳ ಪಟ್ಟಿ ಬೇಡ. ಕೊನೆಗೆ ತಾವು ಮಾಡಲಿರುವ ಒಂದು ಕೆಲಸವನ್ನು ದಿನಸಹಿತ ತಿಳಿಸಬೇಕು. ಹೀಗೆ ತಿದ್ದಿದಾಗ ಕರಡು ಈ ರೂಪ ತಾಳುತ್ತದೆ:

"ಅಣ್ಣಾ, ಅವ್ವಾರು ಲಿಂಗೈಕ್ಯರಾದ ಸುದ್ದಿ ಬೆಳಿಗ್ಗೆ ತಿಳಿಯಿತು. ಹಿಂದೆ ನಿಮ್ಮ ಮನೆಗೆ ಬಂದಿದ್ದಾಗ ಬಸ್ಸಿಗೆ ಹೊತ್ತಾಯಿತೆಂದು ನಾನು ಊಟ ಬೇಡವೆಂದೆ. ಅವರು ಬಾಗಿಲಲ್ಲೇ ನಿಲ್ಲಿಸಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ದಾವಣಗೆರೆ ದಾಟಿದ ಮೇಲೆ ಆ ಗಂಟು ಬಿಚ್ಚಿದ್ದು ಇಂದು ನೆನಪಾಯಿತು. ಅವರಿಗಾಗಿ ನೀವು ತಿಂಗಳಿಗೆರಡು ಬಾರಿ ರಾತ್ರಿ ಬಸ್ಸು ಹತ್ತುತ್ತಿದ್ದುದನ್ನು ಕಂಡಿದ್ದೇನೆ. ಈ ವಾರದ ನಿಮ್ಮ ಕಚೇರಿ ಕೆಲಸ ನಾನು ನೋಡಿಕೊಳ್ಳುತ್ತೇನೆ. ಭಾನುವಾರ ಊರಿಗೆ ಬರುತ್ತೇನೆ. ಇದಕ್ಕೆ ಉತ್ತರ ಬರೆಯಬೇಕಿಲ್ಲ."

ಇಲ್ಲಿ ದುಃಖವನ್ನು ಬಣ್ಣಿಸುವ ಒಂದು ಪದವೂ ಇಲ್ಲ. ಆದರೂ ಈ ಸಂದೇಶವನ್ನು ಬೇರೊಂದು ಮನೆಗೆ ಕಳುಹಿಸಲಾಗದು. ಮಗನ ಆರೈಕೆಯನ್ನು ಹೇಳುವ ವಾಕ್ಯ ವಿಶೇಷವಾಗಿ ಉಪಯುಕ್ತ. ಇನ್ನಷ್ಟು ಮಾಡಬಹುದಿತ್ತೇನೋ ಎಂಬ ಕೊರಗು ಅಂಥ ದಿನಗಳಲ್ಲಿ ಕಾಡುವುದು ಸಹಜ.

<b>ಎಲ್ಲಿ ತಪ್ಪುತ್ತದೆ?</b>

ನೆನಪು ಉದ್ದವಾದಷ್ಟೂ ಬರೆಯುವವನೇ ಕಥಾನಾಯಕನಾಗುವ ಅಪಾಯವಿದೆ. ಅದು ಎರಡು ಮೂರು ವಾಕ್ಯ ಮೀರಬಾರದು. ಸಾವಿನ ಕಾರಣ ಕೇಳುವುದು, 'ವಯಸ್ಸಾಗಿತ್ತು ಬಿಡಿ' ಎಂದು ಸಮಾಧಾನ ಹೇಳುವುದು ಸಲ್ಲದು. ಅನಿರೀಕ್ಷಿತ ಸಾವಾಗಿದ್ದರೆ ಈ ಎಚ್ಚರ ಇನ್ನೂ ಹೆಚ್ಚಿರಬೇಕು. ಬರಲಾಗದಿದ್ದರೆ ಬರುತ್ತೇನೆಂದು ಬರೆಯಬಾರದು.

ಮೃತರನ್ನು ಕಂಡೇ ಇರದಿದ್ದರೆ? ನೆನಪನ್ನು ಕಟ್ಟಿ ಬರೆಯುವುದು ಸಿದ್ಧ ವಾಕ್ಯಕ್ಕಿಂತ ಕೆಟ್ಟದ್ದು. "ಅವರನ್ನು ನೋಡುವ ಅವಕಾಶ ನನಗೆ ಸಿಗಲಿಲ್ಲ. ನಿಮ್ಮ ಮಾತಿನಲ್ಲಿ ಅವರ ಹೆಸರು ಆಗಾಗ ಕೇಳಿದ್ದೇನೆ" ಎಂಬ ಎರಡು ಸಾಲು, ಅದು ನಿಜವಾಗಿದ್ದರೆ, ಸಾಕು.