ತನಾಕಾ ಅವರಿಗೆ ಪಲ್ಲವಿಯ ಮೊದಲ ಪತ್ರ

ಜಪಾನಿ ಭಾಷೆಯ ಜೆಎಲ್‌ಪಿಟಿ ಪರೀಕ್ಷೆಯ ವಿಚಿತ್ರವೊಂದು ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಬೆಂಗಳೂರೂ ಅದರ ಒಂದು ಪರೀಕ್ಷಾ ಕೇಂದ್ರ. ಎನ್5 ಎಂಬ ಮೊದಲ ಹಂತದಿಂದ ಎನ್1 ಎಂಬ ಕೊನೆಯ ಹಂತದವರೆಗೆ ಅಭ್ಯರ್ಥಿ ಸ್ವಂತವಾಗಿ ಒಂದು ವಾಕ್ಯವನ್ನೂ ಬರೆಯಬೇಕಿಲ್ಲ, ಒಂದು ಮಾತನ್ನೂ ಆಡಬೇಕಿಲ್ಲ. ಓದಬೇಕು, ಕೇಳಿಸಿಕೊಳ್ಳಬೇಕು, ಸರಿಯುತ್ತರದ ಗುಂಡಿಗೆ ಪೆನ್ಸಿಲ್‌ನಿಂದ ಮಸಿ ತುಂಬಬೇಕು, ಅಷ್ಟೆ. ಹಾಗಾಗಿ ಎನ್5 ಪಾಸಾದವರೂ ನಿಜವಾದ ಒಬ್ಬ ಜಪಾನಿಗೆ ನಾಲ್ಕು ಸಾಲು ಬರೆಯಲು ಕೂತರೆ ಬೆವರುತ್ತಾರೆ.

ಆ ನಾಲ್ಕು ಸಾಲು ಸಾಮಾನ್ಯವಾಗಿ ಬೇಕಾಗುವುದು ಭಾಷಾ ವಿನಿಮಯದ ಜೊತೆಗಾರರು ಸಿಕ್ಕಾಗ. ಕನ್ನಡ ಕಲಿಯಬಯಸುವ ಜಪಾನಿಯೊಬ್ಬರು, ಜಪಾನಿ ಕಲಿಯುವ ಕನ್ನಡಿಗರೊಬ್ಬರು. ದುಡ್ಡಿನ ಮಾತಿಲ್ಲ, ನೀವು ನನಗೆ ಕಲಿಸಿ, ನಾನು ನಿಮಗೆ ಕಲಿಸುತ್ತೇನೆ ಎಂಬ ಒಪ್ಪಂದ. ಅದು ಶುರುವಾಗುವುದು ಸ್ವಪರಿಚಯದ ಪತ್ರದಿಂದ. ಇದಕ್ಕೆ ಜಪಾನಿನಲ್ಲಿ ‘ಜಿಕೋ ಶೋಕೈ’ ಎಂಬ ಹೆಸರಿದೆ. ಶಾಲೆ, ಕಚೇರಿ, ಕ್ಲಬ್ಬು, ಎಲ್ಲಿಗೆ ಹೊಸದಾಗಿ ಹೋದರೂ ಎದ್ದು ನಿಂತು ಇದನ್ನು ಒಪ್ಪಿಸಬೇಕು. ಆದ್ದರಿಂದ ಅದಕ್ಕೊಂದು ಎರಕ ಹೊಯ್ದ ರೂಪವಿದೆ. ಕಲಿಯುವವರಿಗೆ ಇದು ಒಳ್ಳೆಯದೇ. ಮೊದಲ ಸಾಲೂ ಕೊನೆಯ ಸಾಲೂ ಸಿದ್ಧವಾಗಿಯೇ ಸಿಗುತ್ತವೆ.

ಮೈಸೂರಿನ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಪಲ್ಲವಿ ಎಂಬ ಹುಡುಗಿ ತನಾಕಾ ಎಂಬವರಿಗೆ ಬರೆಯುತ್ತಿದ್ದಾಳೆ ಎಂದಿಟ್ಟುಕೊಳ್ಳೋಣ. ಅವಳ ಪತ್ರವನ್ನು ಕನ್ನಡ ಲಿಪಿಯಲ್ಲಿ ಬರೆದರೆ ಹೀಗಿರುತ್ತದೆ:

ಹಜಿಮೆಮಶಿತೆ.
ವತಾಶಿ ವ ಪರಬಿ ದೆಸು.
ಇಂದೊ ನೊ ಮೈಸೂರು ನಿ ಸುಂದೆ ಇಮಸು.
ಗಿಂಕೋ ದೆ ಹತರೈತೆ ಇಮಸು.
ಕಝೊಕು ವ ಯೊನಿನ್ ದೆಸು. ಚಿಚಿ ತೊ ಹಹ ತೊ ಒತೋತೊ ಗ ಇಮಸು.
ಶುಮಿ ವ ಎಇಗ ಒ ಮಿರು ಕೊತೊ ದೆಸು.
ತನಾಕಾ-ಸನ್ ನೊ ಶುಮಿ ವ ನಾನ್ ದೆಸು ಕ?
ದೋಝೊ ಯೊರೊಶಿಕು ಒನೆಗೈಶಿಮಸು.

ಮೊದಲ ಭೇಟಿಯ ನಮಸ್ಕಾರ, ನಾನು ಪಲ್ಲವಿ, ಭಾರತದ ಮೈಸೂರಿನಲ್ಲಿ ವಾಸವಾಗಿದ್ದೇನೆ, ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದೇನೆ, ಮನೆಯಲ್ಲಿ ನಾಲ್ಕು ಜನ, ತಂದೆ, ತಾಯಿ, ತಮ್ಮ ಇದ್ದಾರೆ, ಸಿನಿಮಾ ನೋಡುವುದು ಹವ್ಯಾಸ, ನಿಮ್ಮ ಹವ್ಯಾಸವೇನು, ನನ್ನ ಮೇಲೆ ವಿಶ್ವಾಸವಿರಲಿ. ಇಷ್ಟೇ ವಿಷಯ. ಆದರೆ ಎಡವಲು ಜಾಗ ಬೇಕಾದಷ್ಟಿದೆ.

ಹೆಸರಿನಿಂದಲೇ ಶುರು. ಪಲ್ಲವಿ ಹೋಗಿ ಪರಬಿ ಆದದ್ದು ಅಚ್ಚಿನ ದೋಷವಲ್ಲ. ಹೊರನಾಡಿನ ಹೆಸರುಗಳನ್ನು ಜಪಾನಿಯಲ್ಲಿ ಕಟಕಾನಾ ಎಂಬ ಲಿಪಿಯಲ್ಲಿ ಬರೆಯುತ್ತಾರೆ. ಅದರಲ್ಲಿ ರ, ಲ, ಳ ಎಲ್ಲಕ್ಕೂ ಒಂದೇ ಸಾಲಿನ ಅಕ್ಷರಗಳು. ‘ವಿ’ ಬರೆಯಲು ಹೊಸದಾಗಿ ಮಾಡಿಕೊಂಡ ಒಂದು ವ್ಯವಸ್ಥೆ ಇದೆಯಾದರೂ ಬಾಯಲ್ಲಿ ಅದು ಬಹುಮಟ್ಟಿಗೆ ‘ಬಿ’ ಆಗಿಬಿಡುತ್ತದೆ. ತನಾಕಾ ಕರೆಯಬಹುದಾದ ಹೆಸರನ್ನೇ ಕೊಡುವುದು ಜಾಣತನ. ಆ ಹೆಸರಿನ ಮುಂದೆ ‘ಸನ್’ ಮಾತ್ರ ಸೇರಿಸಬಾರದು. ಅದು ಎದುರಿನವರಿಗೆ ಕೊಡುವ ಗೌರವ. ‘ನಾನು ಪಲ್ಲವಿಯವರು’ ಎಂದು ಯಾರಾದರೂ ಪರಿಚಯ ಹೇಳಿಕೊಂಡರೆ ನಮಗೆ ನಗು ಬರುವುದಿಲ್ಲವೇ, ಹಾಗೆ.

ಮುಂದಿನ ಎರಡು ಸಾಲುಗಳಲ್ಲಿ ಕನ್ನಡವೇ ಕಾಲಿಗೆ ತೊಡರುತ್ತದೆ. ಮೈಸೂರಿನಲ್ಲಿ, ಬ್ಯಾಂಕಿನಲ್ಲಿ: ಎರಡಕ್ಕೂ ನಮ್ಮಲ್ಲಿ ಒಂದೇ ‘ಅಲ್ಲಿ’. ಜಪಾನಿಯಲ್ಲಿ ಇರುವ, ವಾಸಿಸುವ ಜಾಗಕ್ಕೆ ‘ನಿ’, ಕೆಲಸ ನಡೆಯುವ ಜಾಗಕ್ಕೆ ‘ದೆ’. ‘ಗಿಂಕೋ ನಿ ಹತರೈತೆ’ ಎಂದು ಬರೆದರೆ ತನಾಕಾಗೆ ಅರ್ಥವೇನೋ ಆಗುತ್ತದೆ. ಅದಕ್ಕೇ ಈ ತಪ್ಪು ವರ್ಷಗಟ್ಟಲೆ ತಿದ್ದದೆ ಉಳಿಯುತ್ತದೆ.

ಹವ್ಯಾಸದ ಸಾಲಿನಲ್ಲಿ ಅದೇ ಕನ್ನಡ ಕೈಹಿಡಿಯುತ್ತದೆ. ಇಂಗ್ಲಿಷಿನ ಮೂಲಕ ಕಲಿತವರು ಇಲ್ಲಿ ‘ಶುಮಿ ವ ಎಇಗ ಒ ಮಿಮಸು’ ಎಂದು ಬರೆದುಬಿಡುವುದುಂಟು. ಅಂದರೆ ‘ಹವ್ಯಾಸ ಸಿನಿಮಾ ನೋಡುತ್ತದೆ’ ಎಂದಂತಾಯಿತು. ಪಲ್ಲವಿ ಇಂಗ್ಲಿಷನ್ನು ಪಕ್ಕಕ್ಕಿಟ್ಟು ‘ಸಿನಿಮಾ ನೋಡುವುದು’ ಎಂದು ಯೋಚಿಸಿದರೆ ಸಾಕು. ಎಇಗ ಸಿನಿಮಾ, ‘ಒ’ ನಮ್ಮ ‘ಅನ್ನು’, ಮಿರು ನೋಡುವ, ಕೊತೊ ಅಂದರೆ ‘ಉದು’. ಪದಗಳ ಸರದಿಯೂ ಅದೇ, ಕ್ರಿಯಾಪದದ ಜಾಗವೂ ಅದೇ. ಅಣ್ಣ, ತಮ್ಮ, ಅಕ್ಕ, ತಂಗಿಯರಿಗೂ ಅಲ್ಲಿ ನಮ್ಮಂತೆಯೇ ಬೇರೆಬೇರೆ ಪದಗಳಿವೆ. ಕನ್ನಡಿಗರಿಗೆ ಜಪಾನಿಯನ್ನು ಇಂಗ್ಲಿಷಿನ ಮೂಲಕ ಕಲಿಸುವುದು ಮೈಸೂರಿನಿಂದ ಮಂಡ್ಯಕ್ಕೆ ಮಡಿಕೇರಿ ಸುತ್ತಿ ಹೋದಂತೆ ಎಂದು ಈ ಸಾಲು ನೋಡಿದಾಗೆಲ್ಲ ಅನ್ನಿಸುತ್ತದೆ.

ನಿಜವಾದ ಇಕ್ಕಟ್ಟು ಇರುವುದು ಮನೆಮಂದಿಯ ಸಾಲಿನಲ್ಲಿ.

‘ಕಝೊಕು ವ ಯೊನಿನ್’ ಎಂದಾಗ ತನ್ನನ್ನೂ ಸೇರಿಸಿಯೇ ಎಣಿಸಬೇಕು. ನಾಲ್ಕಕ್ಕೆ ‘ಶಿ’ ಎಂಬ ಇನ್ನೊಂದು ಪದವೂ ಇದೆ. ಅದನ್ನು ಇಲ್ಲಿ ಹಾಕಿ ‘ಶಿನಿನ್’ ಎಂದರೆ ಕೇಳುವವರಿಗೆ ‘ಸತ್ತ ಮನುಷ್ಯ’ ಎಂದಾಗುತ್ತದೆ. ಇನ್ನು ಅಪ್ಪ. ಪಾಠಪುಸ್ತಕದಲ್ಲಿ ಅಪ್ಪನಿಗೆ ಚಿಚಿ, ಒತೋಸನ್ ಎಂಬ ಎರಡು ಪದಗಳಿವೆ. ಒತೋಸನ್‌ನಲ್ಲಿ ಗೌರವವಿದೆ ಎಂದು ತಿಳಿದ ಕೂಡಲೇ ಪಲ್ಲವಿಯ ಕೈ ಅತ್ತಲೇ ಹೋಗುತ್ತದೆ. ಹೆತ್ತವರ ಬಗ್ಗೆ ಪರಕೀಯರ ಮುಂದೆ ಹೇಳುವಾಗ ‘ನಮ್ಮ ತಂದೆಯವರು’ ಎಂದೇ ಹೇಳಬೇಕು ಎಂಬುದು ಅವಳು ಕಲಿತ ಮರ್ಯಾದೆ. ಜಪಾನಿನಲ್ಲಿ ಲೆಕ್ಕ ತಿರುಗಾಮುರುಗಾ. ಮನೆಯೊಳಗೆ ಅಪ್ಪನನ್ನು ಒತೋಸನ್ ಎಂದೇ ಕರೆಯಬಹುದು. ಹೊರಗಿನವರೊಡನೆ ಮಾತಾಡುವಾಗ ತನ್ನ ಮನೆಯವರೆಲ್ಲ ತನ್ನ ಪಕ್ಷ, ತನ್ನ ಪಕ್ಷವನ್ನು ತಾನೇ ಏರಿಸಿ ಹೇಳಬಾರದು. ಆಗ ನನ್ನಪ್ಪ ಚಿಚಿ, ತನಾಕಾರ ಅಪ್ಪ ಒತೋಸನ್. ಚಿಕ್ಕ ಮಕ್ಕಳು ಇದನ್ನು ಪಾಲಿಸುವುದಿಲ್ಲ, ಅದಕ್ಕೇ ದೊಡ್ಡವರು ತಪ್ಪಿದರೆ ಕಿವಿಗೆ ಬಾಲಿಶವಾಗಿ ಕೇಳುತ್ತದೆ.

ತನಾಕಾರನ್ನು ಪ್ರಶ್ನೆ ಕೇಳುವಾಗಲೂ ಎಚ್ಚರ ಬೇಕು. ‘ನೀವು’ ಎಂಬುದಕ್ಕೆ ನಿಘಂಟು ‘ಅನತ’ ಎಂದು ಕೊಡುತ್ತದೆ. ಹೆಸರು ಗೊತ್ತಿರುವವರಿಗೆ ಅದನ್ನು ಬಳಸಿದರೆ ಒರಟೆನಿಸುತ್ತದೆ. ಹಾಗಾಗಿ ಪಲ್ಲವಿ ಹೆಸರನ್ನೇ ಹಿಡಿದು ‘ತನಾಕಾ-ಸನ್ ಅವರ ಹವ್ಯಾಸ’ ಎಂದು ಕೇಳಿದ್ದಾಳೆ. ಈ ಪ್ರಶ್ನೆಯ ಸಾಲನ್ನು ಹಲವರು ಮರೆಯುತ್ತಾರೆ. ಪ್ರಶ್ನೆಯಿಲ್ಲದ ಪತ್ರಕ್ಕೆ ‘ಓದಿದೆ, ಸಂತೋಷ’ ಎಂದು ಬರೆದು ಮುಗಿಸುವುದು ಬಿಟ್ಟರೆ ಎದುರಿನವರಿಗೆ ಬೇರೆ ದಾರಿಯಿರುವುದಿಲ್ಲ.

ಇನ್ನು ತಿದ್ದುವ ವಿಚಾರ. ಜಪಾನಿಗಳು ಸೌಜನ್ಯಕ್ಕೆ ‘ನಿಮ್ಮ ಜಪಾನಿ ತುಂಬ ಚೆನ್ನಾಗಿದೆ’ ಎಂದು ಹೊಗಳಿ ಸುಮ್ಮನಾಗುವುದು ಹೆಚ್ಚು. ಯಾವ ತಪ್ಪು ತೋರಿಸಬೇಕೆಂದು ಕೇಳಿಯೇ ಬಿಡಬೇಕು: ಈ ಸಲ ‘ನಿ’ ಮತ್ತು ‘ದೆ’ ಮಾತ್ರ ನೋಡಿ, ಮಿಕ್ಕದ್ದು ಆಮೇಲೆ ಎಂದು. ಸಾಲಿಗೊಂದು ಕೆಂಪು ಗೆರೆ ಬಂದ ಪತ್ರಕ್ಕಿಂತ ಎರಡೇ ತಿದ್ದುಪಡಿ ಇರುವ ಪತ್ರದಿಂದ ಕಲಿಯುವುದು ಸುಲಭ.

ತನಾಕಾರ ಕನ್ನಡ ಪತ್ರ ಬಂದಾಗ ಪಲ್ಲವಿಯ ಸರದಿ. ಅದರಲ್ಲಿ ‘ಬೆಂಗರೂರು’ ಎಂದಿದ್ದರೆ ಕಾರಣ ಅವಳಿಗೆ ಆಗಲೇ ಗೊತ್ತು. ‘ನನ್ನ ತಂದೆ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ’ ಎಂದಿದ್ದರೂ ಗಾಬರಿಯಾಗಬೇಕಿಲ್ಲ. ಚಿಚಿಯ ವಿನಯವನ್ನು ತನಾಕಾ ಕನ್ನಡಕ್ಕೂ ತಂದಿರಬಹುದು. ಅಲ್ಲಿ ‘ಮಾಡುತ್ತಾರೆ’ ಎಂದು ತಿದ್ದಿ, ಕನ್ನಡದಲ್ಲಿ ಸ್ವಂತ ಅಪ್ಪನಿಗೂ ಹೊರಗಿನವರೆದುರು ಬಹುವಚನವೇ ಎಂದು ಒಂದು ಸಾಲು ಬರೆದು ಕಳಿಸಿದರಾಯಿತು.