ಇಸಿಜಿಯ ಐದು ಸಣ್ಣ ಚೌಕಗಳು

ಸೆರ್ಜ್ ಕಾಜೋ ಎಂಬ ಫ್ರೆಂಚ್ ಹೃದ್ರೋಗ ತಜ್ಞ ಮತ್ತು ಅವರ ಸಂಗಡಿಗರು 1994ರಲ್ಲಿ ಒಬ್ಬನೇ ಒಬ್ಬ ರೋಗಿಯ ಬಗ್ಗೆ ವರದಿಯೊಂದನ್ನು ಪ್ರಕಟಿಸಿದರು. ರೋಗಿ 54 ವರ್ಷದ ಗಂಡಸು. ಹೃದಯ ದೊಡ್ಡದಾಗಿ, ಸೊರಗಿ, ಮೈಯಲ್ಲಿ ನೀರು ತುಂಬಿಕೊಂಡಿತ್ತು. ಹೃದಯ ವೈಫಲ್ಯವನ್ನು ವೈದ್ಯರು ನಾಲ್ಕು ಹಂತಗಳಲ್ಲಿ ಅಳೆಯುತ್ತಾರೆ. ಈತ ಕೊನೆಯ ಹಂತದಲ್ಲಿದ್ದ, ಅಂದರೆ ಸುಮ್ಮನೆ ಕೂತಿದ್ದರೂ ಏದುಸಿರು ಬರುವ ಸ್ಥಿತಿ. ವೈದ್ಯರು ಅವನಿಗೆ ಪೇಸ್‌ಮೇಕರ್ ಹಾಕಿದರು. ಆರು ವಾರ ಕಳೆಯುವಷ್ಟರಲ್ಲಿ ಅವನ ತೂಕ 17 ಕಿಲೋ ಇಳಿಯಿತು. ಇಳಿದದ್ದು ಮೈಯಲ್ಲಿ ನಿಂತಿದ್ದ ನೀರು. ಕಾಲಿನ ಬಾವು ಹೋಯಿತು, ನಾಲ್ಕನೇ ಹಂತದಲ್ಲಿದ್ದವನು ಎರಡನೇ ಹಂತಕ್ಕೆ ಬಂದ.

ಪೇಸ್‌ಮೇಕರ್ ಎಂದರೆ ಬಡಿತ ನಿಧಾನವಾದವರಿಗೆ ಹಾಕುವ ಸಾಧನ ಎಂದು ನಾವೆಲ್ಲ ತಿಳಿದಿರುತ್ತೇವೆ. ಇಲ್ಲಿ ಅದನ್ನು ಹಾಕಿದ್ದು ಹೃದಯದ ಸೋಲಿಗೆ. ಹಾಗೆ ಮಾಡಲು ವೈದ್ಯರಿಗೆ ಧೈರ್ಯ ಕೊಟ್ಟದ್ದು ಅವನ ಇಸಿಜಿ. ಇಸಿಜಿಯಲ್ಲಿ ಪ್ರತಿ ಬಡಿತಕ್ಕೂ ಎದ್ದು ಕಾಣುವ ಚೂಪು ಗೆರೆಗೆ ಕ್ಯೂಆರ್‌ಎಸ್ ಎನ್ನುತ್ತಾರೆ. ಹೃದಯದ ಕೆಳಗಿನ ಎರಡು ಕೋಣೆಗಳಿಗೆ, ಅಂದರೆ ಎಡ ಮತ್ತು ಬಲ ಹೃತ್ಕುಕ್ಷಿಗಳಿಗೆ, ವಿದ್ಯುತ್ ಸಂಕೇತ ಪೂರ್ತಿ ಹರಡಿಕೊಳ್ಳಲು ಎಷ್ಟು ಹೊತ್ತು ಬೇಕೋ ಅಷ್ಟೇ ಈ ಗೆರೆಯ ಅಗಲ. ಇಸಿಜಿ ಕಾಗದದ ಒಂದು ಸಣ್ಣ ಚೌಕ 40 ಮಿಲಿಸೆಕೆಂಡು. ಆರೋಗ್ಯವಂತರಲ್ಲಿ ಕ್ಯೂಆರ್‌ಎಸ್ ಸುಮಾರು ಎರಡೂವರೆ ಚೌಕದೊಳಗೆ ಮುಗಿಯುತ್ತದೆ. ಈ ರೋಗಿಯದು 200 ಮಿಲಿಸೆಕೆಂಡು, ಸರಿಯಾಗಿ ಐದು ಚೌಕ. ನಿಮಿಷಕ್ಕೆ 75 ಬಡಿಯುವ ಹೃದಯಕ್ಕೆ ಒಂದು ಬಡಿತಕ್ಕೆ ಸಿಗುವುದೇ 800 ಮಿಲಿಸೆಕೆಂಡು. ಅದರ ಕಾಲು ಭಾಗ ಸಂಕೇತ ಹರಡುವುದಕ್ಕೇ ಹೋಗುತ್ತಿತ್ತು.

ಇಷ್ಟು ತಡವಾಗಲು ಕಾರಣವಿದೆ. ಹೃದಯದ ಮೇಲಿನ ಕೋಣೆಯಲ್ಲಿ ಹುಟ್ಟಿದ ಸಂಕೇತ ನಡುವಿನ ಗಂಟೊಂದರಲ್ಲಿ ಸ್ವಲ್ಪ ತಡೆದು, ಆಮೇಲೆ ಎರಡು ಕವಲಾಗಿ ಇಳಿಯುತ್ತದೆ. ಬಲಗವಲು ಬಲ ಹೃತ್ಕುಕ್ಷಿಗೆ, ಎಡಗವಲು ಎಡ ಹೃತ್ಕುಕ್ಷಿಗೆ. ಈ ಕವಲುಗಳು ಸಂಕೇತವನ್ನು ಬಹಳ ವೇಗವಾಗಿ ಒಯ್ಯುವ ವಿಶೇಷ ನಾರುಗಳು. ಎಡಗವಲು ಕೆಟ್ಟರೆ, ಅದನ್ನೇ ಲೆಫ್ಟ್ ಬಂಡಲ್ ಬ್ರಾಂಚ್ ಬ್ಲಾಕ್ ಎನ್ನುವುದು, ಸಂಕೇತ ಬಲಗಡೆ ಎಂದಿನಂತೆ ಇಳಿಯುತ್ತದೆ. ಎಡಗಡೆಗೆ ಹೋಗಲು ಮಾತ್ರ ಎರಡು ಕೋಣೆಗಳ ನಡುಗೋಡೆಯನ್ನು ದಾಟಿ, ಸಾಮಾನ್ಯ ಸ್ನಾಯುವಿನ ಒಂದು ಜೀವಕೋಶದಿಂದ ಇನ್ನೊಂದಕ್ಕೆ ತೆವಳುತ್ತಾ ಸಾಗಬೇಕು. ಎಡ ಹೃತ್ಕುಕ್ಷಿಯ ಹೊರಗೋಡೆಗೆ ಸುದ್ದಿ ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ.

ಇದರ ಪರಿಣಾಮವನ್ನು ಎಕೋ ಪರೀಕ್ಷೆಯ ಪರದೆಯ ಮೇಲೆ ಕಣ್ಣಾರೆ ನೋಡಬಹುದು. ನಡುಗೋಡೆ ಮೊದಲು ಸಂಕುಚಿಸುತ್ತದೆ. ಎದುರಿನ ಹೊರಗೋಡೆ ಆಗಿನ್ನೂ ಸಡಿಲವಾಗಿರುವುದರಿಂದ ರಕ್ತ ಮಹಾಪಧಮನಿಗೆ ನುಗ್ಗುವ ಬದಲು ಆ ಸಡಿಲ ಗೋಡೆಯನ್ನು ಹೊರಕ್ಕೆ ಉಬ್ಬಿಸುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಹೊರಗೋಡೆ ಬಲವಾಗಿ ಸಂಕುಚಿಸುತ್ತದೆ, ಅಷ್ಟರಲ್ಲಿ ನಡುಗೋಡೆ ಸಡಿಲಗೊಂಡು ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ. ಒದ್ದೆ ಜಮಖಾನೆಯನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡುವಾಗ ಒಬ್ಬರು ತಿರುಚುವ ಹೊತ್ತಿಗೆ ಇನ್ನೊಬ್ಬರು ಸಡಿಲ ಬಿಟ್ಟರೆ ನೀರು ಇಳಿಯುವುದಿಲ್ಲ, ಇಬ್ಬರ ಕೈಯೂ ಸೋಲುತ್ತದೆ. ಹೃದಯದ್ದೂ ಇದೇ ಕಥೆ. ಸ್ನಾಯು ದುಡಿಯುತ್ತದೆ, ಆಮ್ಲಜನಕ ಖರ್ಚಾಗುತ್ತದೆ, ರಕ್ತ ಮಾತ್ರ ಒಳಗೊಳಗೇ ಅತ್ತಿತ್ತ ಸರಿದಾಡುತ್ತದೆ. ಸಾಲದ್ದಕ್ಕೆ, ಮಿಟ್ರಲ್ ಕವಾಟವನ್ನು ಹಿಡಿದಿರುವ ಸಣ್ಣ ಸ್ನಾಯುಗಳೂ ಹೊತ್ತು ತಪ್ಪಿ ಎಳೆಯುವುದರಿಂದ ಕವಾಟ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ, ಶ್ವಾಸಕೋಶದ ಕಡೆಗೆ, ಸೋರುತ್ತದೆ. ಏದುಸಿರಿಗೆ ಇದೂ ಒಂದು ಕಾರಣ.

ಕಾಜೋ ತಂಡದ ಚಿಕಿತ್ಸೆಯ ತಿರುಳು ಇಷ್ಟೇ: ಸುದ್ದಿ ತಡವಾಗಿ ಮುಟ್ಟುವ ಹೊರಗೋಡೆಗೆ ನೇರವಾಗಿ ಒಂದು ತಂತಿ ಕೊಡುವುದು. ಬಲ ಹೃತ್ಕುಕ್ಷಿಯಲ್ಲೊಂದು, ಎಡ ಹೃತ್ಕುಕ್ಷಿಯ ಹೊರಗೋಡೆಯ ಮೇಲೊಂದು ತಂತಿ ಇಟ್ಟು ಎರಡಕ್ಕೂ ಒಟ್ಟಿಗೇ ಸಂಕೇತ ಕಳಿಸಿದರೆ ವಿದ್ಯುತ್ ಎರಡು ಕಡೆಯಿಂದ ಹೊರಟು ನಡುವೆ ಸೇರಿಕೊಳ್ಳುತ್ತದೆ, ಎರಡು ಗೋಡೆಗಳು ಒಂದೇ ಹೊತ್ತಿಗೆ ಹಿಂಡುತ್ತವೆ. ಕಾರ್ಡಿಯಾಕ್ ರಿಸಿಂಕ್ರೊನೈಸೇಶನ್ ಥೆರಪಿ, ಆಸ್ಪತ್ರೆಯ ಮಾತಿನಲ್ಲಿ ಸಿಆರ್‌ಟಿ, ಎಂದರೆ ಇದೇ. ಸ್ನಾಯುವಿನ ಶಕ್ತಿಯನ್ನು ಹೆಚ್ಚಿಸುವ ಚಿಕಿತ್ಸೆ ಇದಲ್ಲ, ಇರುವ ಶಕ್ತಿ ವ್ಯರ್ಥವಾಗದಂತೆ ಹೊತ್ತು ಹೊಂದಿಸುವ ಚಿಕಿತ್ಸೆ. ಆದ್ದರಿಂದಲೇ ಹೃದಯ ಹೆಚ್ಚು ರಕ್ತ ತಳ್ಳಿದರೂ ಅದರ ಆಮ್ಲಜನಕದ ಖರ್ಚು ಏರುವುದಿಲ್ಲ. ಹೃದಯವನ್ನು ಚಾಟಿ ಹೊಡೆದು ಓಡಿಸುವ ಔಷಧಿಗಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು.

ಆ ಮೊದಲ ರೋಗಿಗೆ ಎಡಗಡೆಯ ತಂತಿ ಇಡಲು ಎದೆಯಲ್ಲಿ ಸಣ್ಣ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಎಡ ಹೃತ್ಕುಕ್ಷಿಯ ಒಳಗೆ ತಂತಿ ಬಿಟ್ಟರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋಗಿ ಪಾರ್ಶ್ವವಾಯು ಬಡಿಯುವ ಅಪಾಯವಿದೆ. ಹಾಗಾದರೆ ಎದೆ ತೆರೆಯದೆ ಹೊರಗೋಡೆಯನ್ನು ಮುಟ್ಟುವುದು ಹೇಗೆ? ಉತ್ತರ ಹೃದಯದ ರಚನೆಯಲ್ಲೇ ಇತ್ತು. ಹೃದಯದ ಸ್ನಾಯುವಿಗೆ ಹೋದ ರಕ್ತ ವಾಪಸು ಬರುವ ಅಭಿಧಮನಿಗಳು ಎಡ ಹೃತ್ಕುಕ್ಷಿಯ ಹೊರಮೈ ಮೇಲೆ ಹಬ್ಬಿಕೊಂಡು, ಕೊನೆಗೆ ಕರೋನರಿ ಸೈನಸ್ ಎಂಬ ದೊಡ್ಡ ನಾಳದಲ್ಲಿ ಕೂಡಿ ಬಲ ಹೃತ್ಕರ್ಣಕ್ಕೆ ತೆರೆದುಕೊಳ್ಳುತ್ತವೆ. ಆ ಬಾಯಿಯನ್ನು ಹುಡುಕಿ ಒಳಹೊಕ್ಕು ಹಿಮ್ಮುಖವಾಗಿ ಸಾಗಿದರೆ ಹೊರಗೋಡೆಯ ಮೇಲೇ ತಲುಪುತ್ತೇವೆ. ಫ್ರಾನ್ಸಿನ ರೆನ್ ನಗರದ ಡೋಬೇರ್ ತಂಡ 1998ರಲ್ಲಿ ಈ ದಾರಿಯ ಅನುಭವವನ್ನು ಪ್ರಕಟಿಸಿತು. ಇಂದು ಜಗತ್ತಿನೆಲ್ಲೆಡೆ ಹಿಡಿಯುವ ದಾರಿ ಇದೇ.

ಈಗ ನಡೆಯುವ ಕ್ರಮ ಹೀಗಿದೆ. ಎಡ ಭುಜದ ಕೆಳಗೆ, ಕೊರಳೆಲುಬಿನ ಹತ್ತಿರ ಮರಗಟ್ಟಿಸುವ ಮದ್ದು ಕೊಟ್ಟು ಚರ್ಮದಡಿ ಸಣ್ಣ ಜಾಗ ಮಾಡುತ್ತಾರೆ. ಅಲ್ಲಿನ ಅಭಿಧಮನಿಯ ಮೂಲಕ ಸಾಮಾನ್ಯವಾಗಿ ಮೂರು ಲೀಡ್‌ಗಳನ್ನು ಇಳಿಸುತ್ತಾರೆ. ಬಲ ಹೃತ್ಕರ್ಣಕ್ಕೊಂದು, ಬಲ ಹೃತ್ಕುಕ್ಷಿಗೊಂದು, ಇವೆರಡೂ ಬೇಗ ಆಗುತ್ತವೆ. ಸಮಯ ಹಿಡಿಯುವುದು ಮೂರನೆಯದು. ಕರೋನರಿ ಸೈನಸ್‌ಗೆ ಬಣ್ಣದ ದ್ರವ ಹಾಯಿಸಿ ಎಕ್ಸ್‌ರೇ ಪರದೆಯಲ್ಲಿ ಅದರ ಕವಲುಗಳನ್ನು ನೋಡಿ, ಹೊರಗೋಡೆಯ ಮೇಲೆ ಹಾಯುವ ಕವಲನ್ನೇ ಆರಿಸಿ ಅದರೊಳಗೆ ಲೀಡ್ ಕೂರಿಸಬೇಕು. ಕವಲುಗಳು ಒಬ್ಬೊಬ್ಬರಲ್ಲಿ ಒಂದೊಂದು ತರಹ ಇರುತ್ತವೆ. ಕೆಲವರಲ್ಲಿ ತೀರಾ ಸಣ್ಣ, ಕೆಲವರಲ್ಲಿ ತೀರಾ ವಕ್ರ. ಹಿಂದೆ ಹೃದಯಾಘಾತವಾಗಿ ಗಾಯದ ಕಲೆ ಉಳಿದ ಜಾಗದಲ್ಲಿ ಲೀಡ್ ಕೂತರೆ ಸತ್ತ ಸ್ನಾಯು ಸಂಕೇತವನ್ನು ಮುಂದಕ್ಕೆ ಒಯ್ಯುವುದಿಲ್ಲ. ಹೃದಯದ ತುದಿಯ ಕಡೆ ಕೂತರೂ ಫಲ ಕಡಿಮೆ.

ಲೀಡ್ ಕೂರಿಸಿದ ಮೇಲೆ ಕೆಲಸ ಅರ್ಧ ಮಾತ್ರ ಮುಗಿದಂತೆ ಎಂದು ನನ್ನ ತಿಳಿವಳಿಕೆ. ಸಾಧನ ಸರಿಯಾದ ಕ್ಷಣಕ್ಕೆ ಸಂಕೇತ ಕಳಿಸಬೇಕು. 1994ರ ರೋಗಿಯ ಇಸಿಜಿಯಲ್ಲಿ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಸಂಕೇತ ಇಳಿಯಲು 200 ಮಿಲಿಸೆಕೆಂಡು ಹಿಡಿಯುತ್ತಿತ್ತು. ಅಂಥವರಲ್ಲಿ ಸಾಧನ ಅದಕ್ಕಿಂತ ಮುಂಚೆ, ಉದಾಹರಣೆಗೆ ಮೇಲಿನ ಕೋಣೆಯ ಸಂಕೇತ ಕಂಡ 120 ಮಿಲಿಸೆಕೆಂಡಿಗೆ, ಎರಡೂ ಹೃತ್ಕುಕ್ಷಿಗಳನ್ನು ಎಬ್ಬಿಸಬೇಕು. ತಡಮಾಡಿದರೆ ಹೃದಯದ ಸ್ವಂತ ಸಂಕೇತ ಮೊದಲು ಇಳಿದು ಹಳೆಯ ಎಡವಟ್ಟೇ ಮರುಕಳಿಸುತ್ತದೆ. ತೀರಾ ಅವಸರ ಮಾಡಿದರೆ ಮೇಲಿನ ಕೋಣೆ ತನ್ನ ರಕ್ತವನ್ನು ಪೂರ್ತಿ ಕೆಳಗಿಳಿಸುವ ಮೊದಲೇ ಕವಾಟ ಮುಚ್ಚಿಬಿಡುತ್ತದೆ. ಈ ನಡುವಿನ ಹದವನ್ನು ಹೊರಗಿನಿಂದ ಕಂಪ್ಯೂಟರಿನ ಮೂಲಕ ಹೊಂದಿಸುತ್ತಾರೆ.

ಒಬ್ಬ ರೋಗಿ ಚೇತರಿಸಿಕೊಂಡ ಮಾತ್ರಕ್ಕೆ ಚಿಕಿತ್ಸೆ ಸಾಬೀತಾಗುವುದಿಲ್ಲ. 2005ರಲ್ಲಿ ಪ್ರಕಟವಾದ ಕೇರ್-ಎಚ್‌ಎಫ್ ಎಂಬ ಯುರೋಪಿನ ಅಧ್ಯಯನದಲ್ಲಿ 813 ರೋಗಿಗಳಿದ್ದರು. ಎಲ್ಲರಿಗೂ ಒಳ್ಳೆಯ ಔಷಧಿ, ಅರ್ಧದಷ್ಟು ಜನಕ್ಕೆ ಜೊತೆಗೆ ಸಿಆರ್‌ಟಿ. ಸರಾಸರಿ 29 ತಿಂಗಳು ಗಮನಿಸಿದಾಗ ಬರೀ ಔಷಧಿಯ ಗುಂಪಿನಲ್ಲಿ 120 ಜನ, ಸಿಆರ್‌ಟಿ ಗುಂಪಿನಲ್ಲಿ 82 ಜನ ತೀರಿಕೊಂಡಿದ್ದರು. ಪೇಸ್‌ಮೇಕರ್ ಒಂದೇ ಹೃದಯ ವೈಫಲ್ಯದ ಸಾವನ್ನು ತಗ್ಗಿಸಬಲ್ಲದು ಎಂದು ತೋರಿಸಿದ ಅಧ್ಯಯನ ಅದು.

ಇದಕ್ಕಿಂತ ಹೆಚ್ಚು ಕಲಿಸಿದ್ದು ಸೋತ ಅಧ್ಯಯನ ಎನ್ನುವುದು ನನ್ನ ಅಭಿಪ್ರಾಯ. ಕ್ಯೂಆರ್‌ಎಸ್ ಅಗಲವಿಲ್ಲದ ಹೃದಯ ವೈಫಲ್ಯದವರಲ್ಲೂ ಕೆಲವರ ಎಕೋದಲ್ಲಿ ಗೋಡೆಗಳು ಹೊತ್ತು ತಪ್ಪಿ ಆಡುವಂತೆ ಕಾಣುತ್ತದೆ. ಅವರಿಗೂ ಇದು ಫಲ ಕೊಡಬಹುದಲ್ಲ ಎಂಬ ಊಹೆ ಸಹಜವಾದದ್ದೇ. ಎಕೋ-ಸಿಆರ್‌ಟಿ ಅಧ್ಯಯನದಲ್ಲಿ ಕ್ಯೂಆರ್‌ಎಸ್ 130 ಮಿಲಿಸೆಕೆಂಡಿಗಿಂತ ಕಡಿಮೆ ಇರುವ 809 ರೋಗಿಗಳಿಗೆ ಸಾಧನ ಅಳವಡಿಸಿ, ಅರ್ಧದಷ್ಟು ಜನರಲ್ಲಿ ಮಾತ್ರ ಸಿಆರ್‌ಟಿ ಚಾಲೂ ಮಾಡಿದರು. 2013ರಲ್ಲಿ ಫಲಿತಾಂಶ ಬಂದಾಗ ಚಾಲೂ ಇದ್ದವರಲ್ಲಿ 45 ಸಾವು, ಇಲ್ಲದವರಲ್ಲಿ 26. ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಎಡಗವಲು ಸರಿಯಿರುವ ಹೃದಯದಲ್ಲಿ ಸ್ನಾಯುವಿನಿಂದ ಸ್ನಾಯುವಿಗೆ ಸಂಕೇತ ತೆವಳಿಸಿದರೆ ನಾವೇ ಅಡ್ಡಿ ತಂದಂತೆ. ಆದ್ದರಿಂದ ಈಗಿನ ಯುರೋಪಿನ ಮಾರ್ಗಸೂಚಿ ಸ್ಪಷ್ಟವಾಗಿದೆ. ಕೆಲವು ತಿಂಗಳು ಸರಿಯಾದ ಔಷಧಿ ತೆಗೆದುಕೊಂಡ ಮೇಲೂ ಲಕ್ಷಣಗಳು ಉಳಿದು, ಎಡ ಹೃತ್ಕುಕ್ಷಿ ತನ್ನಲ್ಲಿ ತುಂಬಿದ ರಕ್ತದಲ್ಲಿ ಶೇ. 35 ಅಥವಾ ಅದಕ್ಕಿಂತ ಕಡಿಮೆ ತಳ್ಳುತ್ತಿದ್ದು, ಎಡಗವಲಿನ ಬ್ಲಾಕ್ ಜೊತೆಗೆ ಕ್ಯೂಆರ್‌ಎಸ್ 150 ಅಥವಾ ಹೆಚ್ಚು ಇದ್ದರೆ ಸಿಆರ್‌ಟಿಯಿಂದ ಹೆಚ್ಚಿನ ಲಾಭ. 130ರಿಂದ 149ರವರೆಗೆ ಯೋಚಿಸಬಹುದು. ಬಲಗವಲಿನ ಬ್ಲಾಕ್ ಇದ್ದವರಿಗೆ ಲಾಭ ಕಡಿಮೆ. 130ಕ್ಕಿಂತ ಕೆಳಗಿದ್ದರೆ, ಬೇರೆ ಕಾರಣಕ್ಕೆ ಪೇಸ್‌ಮೇಕರ್ ಬೇಕಿಲ್ಲದಿದ್ದರೆ, ಬೇಡ.

ಸರಿಯಾಗಿ ಆರಿಸಿದರೂ ಸುಮಾರು ಮೂವರಲ್ಲಿ ಒಬ್ಬರಿಗೆ ನಿರೀಕ್ಷಿಸಿದಷ್ಟು ಗುಣ ಕಾಣುವುದಿಲ್ಲ. ಆಗ ವೈದ್ಯರು ಮೊದಲು ನೋಡುವುದು ಸಾಧನ ಶೇಕಡಾ ಎಷ್ಟು ಬಡಿತಗಳಲ್ಲಿ ಎರಡೂ ಕಡೆ ಸಂಕೇತ ಕೊಟ್ಟಿದೆ ಎಂಬ ಲೆಕ್ಕವನ್ನು. ಅದು 98ಕ್ಕಿಂತ ಮೇಲಿರಬೇಕು. ಹೃತ್ಕರ್ಣ ಅಡ್ಡಾದಿಡ್ಡಿ ಮಿಡಿಯುವ ಏಟ್ರಿಯಲ್ ಫಿಬ್ರಿಲೇಶನ್ ಇದ್ದರೆ, ಅಥವಾ ಹೃತ್ಕುಕ್ಷಿಯಿಂದಲೇ ಮೇಲಿಂದ ಮೇಲೆ ಹೆಚ್ಚುವರಿ ಬಡಿತ ಏಳುತ್ತಿದ್ದರೆ ಈ ಸಂಖ್ಯೆ ಕುಸಿಯುತ್ತದೆ. ಕೆಲವೊಮ್ಮೆ ಸಂಖ್ಯೆ ಚೆನ್ನಾಗಿದ್ದೂ ಮೋಸ ಮಾಡುತ್ತದೆ. ಸ್ವಂತ ಸಂಕೇತ ಮತ್ತು ಸಾಧನದ ಸಂಕೇತ ಒಟ್ಟಿಗೇ ಬಂದು ಬೆರೆತ ಬಡಿತವನ್ನೂ ಸಾಧನ ತನ್ನ ಲೆಕ್ಕಕ್ಕೇ ಬರೆದುಕೊಳ್ಳುತ್ತದೆ. ಇದನ್ನು ಹಿಡಿಯಲು ಒಂದು ದಿನವಿಡೀ ಇಸಿಜಿ ದಾಖಲಿಸುವ ಹೋಲ್ಟರ್ ಬೇಕಾಗುತ್ತದೆ. ಲೀಡ್ ಸರಿದಿದೆಯೇ ಎಂಬುದನ್ನು ಸಾದಾ ಇಸಿಜಿಯೇ ಬಹುಪಾಲು ಹೇಳುತ್ತದೆ. ಎಡಗಡೆಯ ಲೀಡ್ ಕೆಲಸ ಮಾಡುತ್ತಿರುವಾಗ ಮೊದಲ ಲೀಡ್‌ನ ಕ್ಯೂಆರ್‌ಎಸ್ ಸಾಮಾನ್ಯವಾಗಿ ಕೆಳಮುಖವಾಗಿ ಶುರುವಾಗುತ್ತದೆ. ಅದು ಮತ್ತೆ ನೆಟ್ಟಗೆ ಮೇಲೆದ್ದರೆ ಅನುಮಾನಪಡಬೇಕು. ಅದಕ್ಕೇ ಅಳವಡಿಸಿದ ಮೊದಲ ದಿನದ ಇಸಿಜಿಯನ್ನು ಮನೆಯವರು ಜೋಪಾನವಾಗಿ ಇಟ್ಟುಕೊಳ್ಳಬೇಕು, ಮುಂದಿನದನ್ನು ಹೋಲಿಸಲು ಅದೇ ಅಳತೆಗೋಲು.

ರೋಗಿಗೇ ಗೊತ್ತಾಗುವ ತೊಂದರೆಗಳೂ ಇವೆ. ಹೊರಗೋಡೆಯ ಪಕ್ಕದಲ್ಲೇ ವಪೆಗೆ ಹೋಗುವ ನರ ಹಾಯುತ್ತದೆ. ಲೀಡ್‌ನ ವಿದ್ಯುತ್ ಅದಕ್ಕೆ ತಾಗಿದರೆ ಪ್ರತಿ ಬಡಿತಕ್ಕೂ ಬಿಕ್ಕಳಿಕೆಯಂತೆ ಹೊಟ್ಟೆಯ ಮೇಲ್ಭಾಗ ಅದುರುತ್ತದೆ, ಎಡ ಮಗ್ಗುಲಿಗೆ ಮಲಗಿದಾಗ ಹೆಚ್ಚಾಗುವುದುಂಟು. ಇದನ್ನು ಗ್ಯಾಸ್ಟ್ರಿಕ್ ಎಂದು ಸುಮ್ಮನಾಗಬಾರದು. ಈಗಿನ ಎಡ ಲೀಡ್‌ಗಳಲ್ಲಿ ಹಲವಕ್ಕೆ ನಾಲ್ಕು ವಿದ್ಯುತ್ ಬಿಂದುಗಳಿರುವುದರಿಂದ ತೆರೆಯದೆಯೇ ಕಂಪ್ಯೂಟರಿನಲ್ಲಿ ಬಿಂದು ಬದಲಾಯಿಸಿ ಅದುರುವುದನ್ನು ನಿಲ್ಲಿಸಲು ಬಹಳ ಸಲ ಸಾಧ್ಯ. ಸಾಧನ ಇಟ್ಟ ಜಾಗ ಕೆಂಪಾಗಿ ಊದಿದರೆ, ಕೀವು ಬಂದರೆ, ಜ್ವರ ಕಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಸೋಂಕು ತಂತಿಯ ಮೇಲೆ ಹೃದಯಕ್ಕೇ ಇಳಿಯಬಲ್ಲದು. ಸಾಧನ ಬಂದಿತೆಂದು ಮಾತ್ರೆಗಳನ್ನು ಬಿಡುವಂತೆಯೂ ಇಲ್ಲ, ಕೇರ್-ಎಚ್‌ಎಫ್‌ನ ಫಲ ಬಂದದ್ದು ಎರಡೂ ಜೊತೆಗಿದ್ದಾಗ.

ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ದಾರಿ ತೆರೆದಿದೆ. ಚೀನಾದ ವೆನ್‌ಝೌ ನಗರದ ಹ್ವಾಂಗ್ ವೇಜಿಯನ್ ತಂಡ 2017ರಲ್ಲಿ, ಬಲಗಡೆಯಿಂದ ನಡುಗೋಡೆಯೊಳಗೆ ಲೀಡನ್ನು ತಿರುಪಿನಂತೆ ತಿರುಗಿಸುತ್ತಾ ಎಡ ಅಂಚಿನವರೆಗೆ ಒಯ್ದು, ಬ್ಲಾಕ್ ಆದ ಜಾಗವನ್ನು ದಾಟಿದ ಮೇಲಿನ ಎಡಗವಲನ್ನೇ ಹಿಡಿದು ಪ್ರಚೋದಿಸಿದ ರೋಗಿಯ ವರದಿ ಪ್ರಕಟಿಸಿತು. ಸಂಕೇತ ಮತ್ತೆ ಹೃದಯದ ಸ್ವಂತ ವೇಗದ ನಾರುಗಳಲ್ಲೇ ಓಡುವುದರಿಂದ ಕ್ಯೂಆರ್‌ಎಸ್ ಚೆನ್ನಾಗಿ ಕಿರಿದಾಗುತ್ತದೆ. ಅಭಿಧಮನಿಯಲ್ಲಿ ಒಳ್ಳೆಯ ಕವಲು ಸಿಗದವರಿಗೆ ವೈದ್ಯರು ಈಗಾಗಲೇ ಇದನ್ನು ಬಳಸುತ್ತಿದ್ದಾರೆ.